ಕಣವೂ ಖರಾಬು, ಹಳ್ಳವೂ ಖರಾಬು

(ಶಿವಮೊಗ್ಗದಲ್ಲಿ ಅನುವಾದಕರು ಮತ್ತು ಭಾಷಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಮನೆಯಲ್ಲಿ ಪಹಣಿ ಇದ್ದರೆ ಇವತ್ತು ರಾತ್ರಿ ತೆಗೆದು ನೋಡಿ. ಎಡಗಡೆಯ ವಿಸ್ತೀರ್ಣದ ಕಾಲಂನಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, ಅದರ ಕೆಳಗೆ ಖರಾಬು ಎಂದು ಎರಡು ಸಾಲು ಇರುತ್ತವೆ, ಅದರ ಕೆಳಗೆ ಉಳಿದದ್ದು. ನಡುವಿನ ಆ ಎರಡು ಸಾಲಿನ ಪದವನ್ನೇ ಇವತ್ತು ಹಿಡಿದು ಮಾತನಾಡುತ್ತೇನೆ. ಬೇರೆ ಪದ ಬೇಡ. ಅರಬ್ಬಿಯಿಂದ, ಪಾರಸಿಯಿಂದ ಬಂದ ನೂರಾರು ಪದಗಳ ಪಟ್ಟಿಯನ್ನು ನಿಮಗೆ ಕೊಡಬಹುದು, ಆದರೆ ಪಟ್ಟಿ ಓದಿದವರಿಗೆ ಒಂದು ವಾಕ್ಯವನ್ನು ಸರಿಯಾಗಿ ಅನುವಾದಿಸಲು ಬರುವುದಿಲ್ಲ. ಒಂದು ಪದವನ್ನು ಅದು ಹುಟ್ಟಿದ ಮನೆಯಿಂದ ನಮ್ಮ ಹೊಲದ ಬೇಲಿಯವರೆಗೆ ಹಿಂಬಾಲಿಸಿದರೆ ಬರುತ್ತದೆ.

ಮೊದಲು ನನ್ನ ಮುಂದೆ ಬಂದ ಕಾಗದದ ವಿಷಯ ಹೇಳುತ್ತೇನೆ. ನಾನು ವರ್ಷಗಳಿಂದ ದಸ್ತಾವೇಜುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಸಾಗರದ ಕಡೆಯ ಒಂದು ಕುಟುಂಬದವರು ಒಂದು ಕ್ರಯಪತ್ರ ತಂದರು. ಹೊರಗಿದ್ದ ಮಕ್ಕಳ ಅನುಕೂಲಕ್ಕೆ ಕರಡನ್ನು ಇಂಗ್ಲಿಷಿನಲ್ಲಿ ಬರೆಸಿದ್ದರು, ಊರಿನಲ್ಲಿದ್ದ ಹಿರಿಯರಿಗಾಗಿ ಬೇರೊಬ್ಬರಿಂದ ಕನ್ನಡ ಮಾಡಿಸಿದ್ದರು. ಕನ್ನಡ ಓದಿದ ಮೇಲೆ ಮನೆಯ ಹಿರಿಯರು ಸಹಿ ಹಾಕಲು ಒಪ್ಪಿರಲಿಲ್ಲ. ಆ ಕನ್ನಡ ವಾಕ್ಯ ಹೀಗಿತ್ತು: ‘2 ಎಕರೆ 30 ಗುಂಟೆ ಜಮೀನು, 10 ಗುಂಟೆ ಕೆಟ್ಟ ಭೂಮಿಯನ್ನು ಕಳೆದು.’ ಅಜ್ಜನವರು ನನ್ನ ಮುಂದೆ ಕೂತು ಕೇಳಿದ ಮಾತು ನನಗೆ ಇನ್ನೂ ನೆನಪಿದೆ. ‘ನಮ್ಮ ಜಮೀನಿನಲ್ಲಿ ಕೆಟ್ಟ ಭೂಮಿ ಅಂತ ಯಾವುದಿದೆ ಸ್ವಾಮಿ? ಆ ಹತ್ತು ಗುಂಟೆಯಲ್ಲಿ ನಮ್ಮ ಕಣ ಇದೆ, ತೋಟಕ್ಕೆ ನೀರು ಬರುವ ಹಳ್ಳ ಇದೆ.’

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಕಾಗದದಲ್ಲಿ ಇದ್ದದ್ದೂ ನಿಜ. ತಪ್ಪಿದ್ದು ನಡುವೆ ನಿಂತ ಅನುವಾದ. ಯಾಕೆ ತಪ್ಪಿತು ಎಂದು ತಿಳಿಯಬೇಕಾದರೆ ಪದದ ಹಿಂದೆ ಹೋಗಬೇಕು.

ಅರಬ್ಬಿಯಲ್ಲಿ ಖ-ರ-ಬ ಎಂಬ ಮೂರು ವ್ಯಂಜನಗಳ ಒಂದು ಧಾತು ಇದೆ. ಅರಬ್ಬಿ ಪದಗಳು ಹೆಚ್ಚಾಗಿ ಹೀಗೆ ಮೂರು ವ್ಯಂಜನಗಳ ಮೇಲೆ ನಿಂತಿರುತ್ತವೆ, ಸ್ವರ ಬದಲಾದಂತೆ ಅರ್ಥದ ಕೊಂಬೆಗಳು ಬೇರೆಯಾಗುತ್ತವೆ. ಖ-ರ-ಬ ಎಂದರೆ ಹಾಳಾಗು, ಪಾಳು ಬೀಳು. ಅದರಿಂದ ಬಂದ ‘ಖರಾಬ್’ ಅರಬ್ಬಿಯಲ್ಲಿ ನಾಮಪದ: ಹಾಳು, ಪಾಳುಬಿದ್ದ ಸ್ಥಿತಿ, ಜನ ಬಿಟ್ಟುಹೋದ ಜಾಗ.

ಇಲ್ಲಿ ಸ್ವಲ್ಪ ನಿಲ್ಲಿ. ಪದದ ಅರ್ಥ ಗೊತ್ತಾಗಬೇಕಾದರೆ ಅದರ ಎದುರು ಯಾವ ಪದ ನಿಲ್ಲುತ್ತದೆ ಎಂದು ಕೇಳಬೇಕು. ಅರಬ್ಬಿಯಲ್ಲಿ ಖರಾಬ್‌ಗೆ ಎದುರಾಗಿ ನಿಲ್ಲುವುದು ‘ಒಳ್ಳೆಯದು’ ಎಂಬ ಪದವಲ್ಲ. ‘ಇಮಾರಾ’ ಎಂಬ ಪದ ನಿಲ್ಲುತ್ತದೆ. ಜನ ನೆಲೆಸಿದ್ದು, ಕಟ್ಟಿದ್ದು, ಉತ್ತು ಬಿತ್ತಿದ್ದು ಎಂದು ಅದರ ಅರ್ಥ. ದೊಡ್ಡ ಕಟ್ಟಡಕ್ಕೆ ನಮ್ಮಲ್ಲಿ ‘ಇಮಾರತು’ ಎನ್ನುತ್ತಾರಲ್ಲ, ಅದೇ ಪದ. ಅಂದರೆ ಮೂಲದಲ್ಲಿ ಖರಾಬ್ ಎಂದರೆ ಗುಣದಲ್ಲಿ ಕೀಳಾದ ನೆಲವಲ್ಲ, ಮನುಷ್ಯನ ಕೈ ಆಡದ ನೆಲ. ಚಿನ್ನದಂಥ ಮಣ್ಣಿದ್ದರೂ ಜನ ಬಿಟ್ಟುಹೋದರೆ ಅದು ಖರಾಬ್.

ಪಾರಸಿಗೆ ಬಂದಾಗ ಪದದ ವ್ಯಾಕರಣ ಬದಲಾಯಿತು. ಅಲ್ಲಿ ಅದು ಗುಣವಾಚಕವಾಯಿತು. ಊರೂ ಖರಾಬ್, ಮನೆಯೂ ಖರಾಬ್, ಕುಡಿದು ಬಿದ್ದವನೂ ಖರಾಬ್. ಪಾರಸಿ ಕಾವ್ಯದಲ್ಲಿ ಹೆಂಡದಂಗಡಿಗೆ ‘ಖರಾಬಾತ್’ ಎಂಬ ಹೆಸರೇ ಇದೆ. ಇವತ್ತಿನ ಇರಾನಿನಲ್ಲಿ ದಾರಿಯಲ್ಲಿ ಕಾರು ನಿಂತುಹೋದರೆ ಅದೂ ಖರಾಬ್. ನಾಮಪದವಾಗಿದ್ದದ್ದು ಗುಣವಾಚಕವಾದ ಈ ಘಳಿಗೆಯಲ್ಲೇ ‘ಕೆಟ್ಟ’ ಎಂಬ ಅರ್ಥಕ್ಕೆ ಬಾಗಿಲು ತೆರೆಯಿತು. ನಮ್ಮ ಬಾಯಿಮಾತಿನ ಖರಾಬು ಬಂದದ್ದು ಈ ಬಾಗಿಲಿನಿಂದ. ರಸ್ತೆ ಖರಾಬಾಗಿದೆ, ಮಿಕ್ಸಿ ಖರಾಬಾಯಿತು ಎನ್ನುವಾಗ ನಾವು ಆಡುವುದು ಪಾರಸಿಯ ಅರ್ಥ, ಉರ್ದುವಿನ ಮೂಲಕ ಬಂದದ್ದು.

ಆದರೆ ಪಹಣಿಯ ಖರಾಬು ಆ ಬಾಗಿಲಿನಿಂದ ಬಂದದ್ದಲ್ಲ.

ಇದಕ್ಕೆ ಸಾಕ್ಷಿ ಎಲ್ಲಿದೆ ಎಂದು ನೀವು ಕೇಳಬೇಕು. ಸಾಕ್ಷಿ ಪದದ ಜೊತೆಗೇ ಅಂಟಿಕೊಂಡಿದೆ. ಹಳೆಯ ದಾಖಲೆಗಳಲ್ಲಿ ಬರೀ ಖರಾಬು ಎಂದು ಇರುವುದಿಲ್ಲ, ‘ಪೋಟ್ ಖರಾಬು’ ಎಂದಿರುತ್ತದೆ. ಪೂಟ್ ಎಂದೂ, ಕೆಲವೆಡೆ ಫೂಟ್ ಎಂದೂ ಬರೆದಿರುತ್ತಾರೆ. ಇದನ್ನು ಇಂಗ್ಲಿಷಿನ ಅಡಿ ಲೆಕ್ಕದ ಫೂಟ್ ಎಂದುಕೊಂಡವರಿದ್ದಾರೆ. ಅಲ್ಲ. ಮರಾಠಿಯಲ್ಲಿ ‘ಪೋಟ್’ ಎಂದರೆ ಹೊಟ್ಟೆ. ಒಂದು ಸರ್ವೆ ನಂಬರಿನ ಹೊಟ್ಟೆಯೊಳಗೆ ಇರುವ ಖರಾಬು ಎಂದು ಅರ್ಥ. ಮಹಾರಾಷ್ಟ್ರದ ರೈತರ ‘ಸಾತ್ ಬಾರಾ’ ದಾಖಲೆಯಲ್ಲಿ ಇವತ್ತಿಗೂ ಪೋಟ್‌ಖರಾಬ್ ಎಂಬ ಸಾಲಿದೆ, ನಮ್ಮಲ್ಲಿರುವಂತೆಯೇ ಎರಡು ವರ್ಗ ಇದೆ. ಎರಡು ರಾಜ್ಯದ ದಾಖಲೆಗಳಲ್ಲಿ ಒಂದೇ ಜೋಡಿ ಪದ ಒಂದೇ ಕೆಲಸ ಮಾಡುತ್ತಿದ್ದರೆ ಅವುಗಳಿಗೆ ಒಂದೇ ತಾಯಿ ಇರಬೇಕು.

ಆ ತಾಯಿ ಬೊಂಬಾಯಿ ಪ್ರಾಂತ್ಯದ ಸರ್ವೆ. ದಖ್ಖನಿನ ಸುಲ್ತಾನರ ಕಾಲದಲ್ಲಿ ಪಾರಸಿ ಪದಗಳು ಮರಾಠಿ ಲೆಕ್ಕಪತ್ರಕ್ಕೆ ಇಳಿದಿದ್ದವು. ಹೊಲ ಅಳೆಯುವವರು, ಲೆಕ್ಕ ಬರೆಯುವವರು ಮರಾಠಿಯವರು. ಹುದ್ದೆಯ, ತೆರಿಗೆಯ ಪದಗಳು ಪಾರಸಿಯವು. 1830ರ ದಶಕದಲ್ಲಿ ಪುಣೆಯ ಕಡೆ ಇಂದಾಪುರದಲ್ಲಿ ಇಂಗ್ಲಿಷರು ಹೊಸ ಸರ್ವೆ ಶುರು ಮಾಡಿದಾಗ ಈ ಪದಗಳನ್ನೇ ಇಟ್ಟುಕೊಂಡರು. ಧಾರವಾಡ, ಬೆಳಗಾವಿ ಬೊಂಬಾಯಿಯ ಕೈಕೆಳಗೇ ಇದ್ದವು. ಮೈಸೂರು ಸೀಮೆಯಲ್ಲಿ 1863ರಿಂದ ಬೊಂಬಾಯಿ ಮಾದರಿಯ ಸರ್ವೆ ಜಾರಿಗೆ ಬಂತು. ಶಿವಮೊಗ್ಗದ ಕಂದಾಯ ದಾಖಲೆಗೆ ಪೋಟ್ ಖರಾಬು ಎಂಬ ಜೋಡಿ ನಡೆದುಬಂದ ದಾರಿ ಇದು. ಸರ್ವೆಯವರ ಚೈನಿನ ಜೊತೆಗೆ ಉತ್ತರದಿಂದ ಬಂತು.

ಇಲ್ಲಿ ಒಂದು ಮಾತು ಸೇರಿಸಬೇಕು. ಮಲೆನಾಡಿಗೆ ಪಾರಸಿಯ ಪರಿಚಯ ಅದಕ್ಕೂ ಮೊದಲೇ ಆಗಿತ್ತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ನಾವೀಗ ನಗರ ಎನ್ನುವ ಊರು ಹೈದರ್‌ನಗರವಾಯಿತು. ಅರ್ಜಿ, ವಸೂಲಿ, ಜಮೆ, ಬಾಕಿ ಇಂಥ ಪದಗಳು ಎಷ್ಟೋ ಕಾಲದಿಂದ ನಮ್ಮ ನಾಲಿಗೆಯ ಮೇಲಿವೆ. ಆದ್ದರಿಂದ ಪಾರಸಿ ಪದ ಕಂಡ ಕೂಡಲೇ ‘ಟಿಪ್ಪು ಕಾಲದಲ್ಲಿ ಬಂದದ್ದು’ ಎಂದು ಹೇಳುವುದು ರೂಢಿಯಾಗಿದೆ. ಒಂದೊಂದು ಪದಕ್ಕೂ ಅದರದೇ ದಾರಿ ಇದೆ, ಅದನ್ನು ಆ ಪದದ ಒಳಗಿನ ಗುರುತಿನಿಂದಲೇ ಹೇಳಬೇಕು. ಪೋಟ್ ಎಂಬ ಮರಾಠಿ ಪೂರ್ವಪದ ಇಲ್ಲದಿದ್ದರೆ ನಾನೂ ಖರಾಬಿನ ದಾರಿಯನ್ನು ಇಷ್ಟು ಧೈರ್ಯವಾಗಿ ತೋರಿಸುತ್ತಿರಲಿಲ್ಲ.

ಇನ್ನೊಂದು ವ್ಯುತ್ಪತ್ತಿಯನ್ನು ಒಬ್ಬ ವಿದ್ಯಾರ್ಥಿನಿ ನನ್ನ ಮುಂದಿಟ್ಟಿದ್ದಳು. ‘ಕರ ಇಲ್ಲದ ಭೂಮಿ ಕರಾಬು ಅಲ್ಲವೇ ಸರ್, ಕರ ಎಂದರೆ ತೆರಿಗೆ.’ ಅವಳ ಕಿವಿ ಸೂಕ್ಷ್ಮ. ನಮ್ಮ ಮಲೆನಾಡಿನ ಬಾಯಲ್ಲಿ ಮಹಾಪ್ರಾಣ ಸವೆದು ಅದು ಕರಾಬು ಎಂದೇ ಕೇಳಿಸುತ್ತದೆ. ಅರ್ಥವೂ ಕೂಡಿಬರುತ್ತದೆ. ಆದರೆ ಸಂಸ್ಕೃತದ ಕರಕ್ಕೆ ‘ಆಬು’ ಎಂಬ ಬಾಲ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇಲ್ಲ. ಮರಾಠಿ, ಉರ್ದು ಎರಡರಲ್ಲೂ ಮೊದಲ ಅಕ್ಷರ ಖ. ಕೂಡಿಬರುವ ಅರ್ಥ ಸಾಕ್ಷಿಯಾಗುವುದಿಲ್ಲ, ಪದದ ಪ್ರತಿ ತುಂಡಿಗೂ ಲೆಕ್ಕ ಸಿಗಬೇಕು.

ಕನ್ನಡಕ್ಕೆ ಬಂದ ಮೇಲೆ ಪದ ಏನು ಮಾಡಿತು? ಅರಬ್ಬಿಯ ‘ಖ’ ಗಂಟಲನ್ನು ಉಜ್ಜಿಕೊಂಡು ಬರುವ ಧ್ವನಿ, ನಮ್ಮಲ್ಲಿ ಅದಿಲ್ಲ. ಬರಹದಲ್ಲಿ ಮಹಾಪ್ರಾಣ ಖ ಅದರ ಜಾಗದಲ್ಲಿ ಕೂತಿತು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕನ್ನಡ ಒಂದು ಉಕಾರ ಕೊಡುತ್ತದೆ: ಜಮೀನ್ ಜಮೀನು ಆಯಿತು, ಬಾಜಾರ್ ಬಜಾರು ಆಯಿತು, ಖರಾಬ್ ಖರಾಬು ಆಯಿತು. ಈ ಉಕಾರದಿಂದ ಪದ ನಮ್ಮ ಕಾಡು, ಊರುಗಳ ಸಾಲಿಗೆ ಸೇರಿ ವಿಭಕ್ತಿಯನ್ನು ಸಲೀಸಾಗಿ ಹೊರುತ್ತದೆ: ಖರಾಬನ್ನು, ಖರಾಬಿಗೆ, ಖರಾಬಿನ, ಖರಾಬಿನಲ್ಲಿ. ದಾಖಲೆಯ ಕಾಲಂನಲ್ಲಿ ‘ಖರಾಬ್’ ಎಂದು ಮೊಟಕಾಗಿ ಇರಲಿ. ವಾಕ್ಯದಲ್ಲಿ ಬರೆಯುವಾಗ ಉಕಾರ ಸೇರಿಸಿ ಬರೆಯಿರಿ, ‘ಖರಾಬ್‌ಅನ್ನು’ ಎಂದು ಬರೆದ ವಾಕ್ಯ ಓದುವಾಗ ಎಡವಿಸುತ್ತದೆ.

ಈಗ ದಾಖಲೆಯ ಅರ್ಥಕ್ಕೆ ಬರೋಣ. ಅರಬ್ಬಿಯಲ್ಲಿ ಖರಾಬಿನ ಎದುರು ‘ಇಮಾರಾ’ ನಿಂತಿತ್ತು. ಬಾಯಿಮಾತಿನಲ್ಲಿ ‘ಒಳ್ಳೆಯದು’ ನಿಲ್ಲುತ್ತದೆ. ಪಹಣಿಯಲ್ಲಿ ಖರಾಬಿನ ಎದುರು ನಿಲ್ಲುವುದು ‘ಆಕಾರ’. ಕಂದಾಯದ ಭಾಷೆಯಲ್ಲಿ ಆಕಾರ ಎಂದರೆ ಜಮೀನಿಗೆ ಕಟ್ಟಿದ ಕಂದಾಯದ ದರ. ಒಂದೊಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಉಳಿದ ವಿಸ್ತೀರ್ಣ, ಆಕಾರ ಇವನ್ನು ಬರೆದಿಡುವ ದಾಖಲೆಗೆ ‘ಆಕಾರಬಂದ್’ ಎಂದೇ ಹೆಸರು, ಸಂಸ್ಕೃತದ ಆಕಾರಕ್ಕೆ ಪಾರಸಿಯ ಬಂದ್ ಸೇರಿದ ಪದ. ಆದ್ದರಿಂದ ಪಹಣಿಯ ಖರಾಬು ಎಂದರೆ ಆಕಾರ ಕಟ್ಟದೆ ಬಿಟ್ಟ ನೆಲ. ಕೆಟ್ಟದ್ದೋ ಒಳ್ಳೆಯದೋ ಎಂಬ ಮಾತೇ ಅಲ್ಲಿಲ್ಲ.

ಇದು ನನ್ನ ಊಹೆಯಲ್ಲ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 21ನೆಯ ನಿಯಮ ಖರಾಬನ್ನು ಎರಡು ವರ್ಗ ಮಾಡುತ್ತದೆ. ಎ ಖರಾಬು ಎಂದರೆ ಸರ್ವೆ ಮಾಡುವಾಗ ಬೇಸಾಯಕ್ಕೆ ಆಗದು ಎಂದು ವರ್ಗೀಕರಿಸಿದ ನೆಲ. ನಮ್ಮ ಕಡೆ ಹೇಳುವುದಾದರೆ ಹಾಸುಬಂಡೆ, ಕೊರಕಲು. ಆದರೆ ಅದೇ ನಿಯಮ ಹಿಡುವಳಿದಾರನ ಹೊಲಮನೆಯನ್ನೂ ಕಣವನ್ನೂ ಹೆಸರಿಟ್ಟು ಎ ಖರಾಬಿಗೆ ಸೇರಿಸುತ್ತದೆ. ವರ್ಷವಿಡೀ ದುಡಿದ ಭತ್ತ ಬಂದು ಬೀಳುವ ಕಣ ಕಾಗದದಲ್ಲಿ ಖರಾಬು. ಬಿ ಖರಾಬು ಎಂದರೆ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದರಿಂದ ಕಂದಾಯ ಹಾಕದ ನೆಲ: ರಸ್ತೆ, ರೂಢಿಯ ಕಾಲುದಾರಿ, ಬೇರೆಯವರೂ ನೀರಾವರಿಗೆ ಬಳಸುವ ಕೆರೆ ಮತ್ತು ಹಳ್ಳ, ಸ್ಮಶಾನ, ಊರಿನ ಕುಂಬಾರಿಕೆಗೆ ಬಿಟ್ಟ ಜಾಗ.

ಅಜ್ಜನವರ ಕಣ, ಅಜ್ಜನವರ ಹಳ್ಳ ಎರಡೂ ಈಗ ನಿಮಗೆ ಕಾಣುತ್ತಿರಬೇಕು. ಕಣ ಎ ಖರಾಬು, ಅದು ಅವರ ಹಿಡುವಳಿಯ ಜೊತೆಗೇ ಇರುತ್ತದೆ. ಹಳ್ಳ ಬಿ ಖರಾಬು. ಅದು ಅವರ ಸರ್ವೆ ನಂಬರಿನ ಹೊಟ್ಟೆಯೊಳಗೆ ಹರಿಯುತ್ತದೆ, ಅವರ ಅಡಿಕೆ ಮರಗಳು ಅದರ ಎರಡೂ ದಡದಲ್ಲಿ ನಿಂತಿವೆ, ಆದರೂ ಮಾರುವ ಹಕ್ಕು ಅವರಿಗಿಲ್ಲ. ಕೆಳಗಿನ ತೋಟದವರದೂ ಅದೇ ನೀರು. ‘ಕೆಟ್ಟ ಭೂಮಿ’ ಎಂಬ ಅನುವಾದ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ಎರಡಕ್ಕೂ ಸುಳ್ಳು ಹೆಸರು ಕೊಟ್ಟಿತು. ಕೊಂಡವನು ಅದನ್ನು ನಂಬಿ, ಕೆಟ್ಟ ಭೂಮಿ ತಾನೇ ಸರಿಮಾಡಿಕೊಳ್ಳುತ್ತೇನೆ ಎಂದು ಹಳ್ಳಕ್ಕೆ ಮಣ್ಣು ತುಂಬಿಸಿದರೆ ಕೆಳಗಿನ ತೋಟ ಬೇಸಿಗೆಯಲ್ಲಿ ಒಣಗುತ್ತದೆ.

ಹಾಗಾದರೆ ಏನು ಬರೆಯಬೇಕು? ನಾನು ಕೆಲವು ಪದಗಳನ್ನು ತೂಗಿ ನೋಡಿದೆ. ‘ಬಂಜರು’ ಎಂದರೆ ಬೆಳೆ ಬಾರದ ನೆಲ. ಬೆಳೆ ಬಾರದ ನೆಲಕ್ಕೂ ಆಕಾರ ಕಟ್ಟಿರಬಹುದು, ಆದ್ದರಿಂದ ಬಂಜರೆಲ್ಲ ಖರಾಬಲ್ಲ. ‘ಪಾಳು’ ಅರಬ್ಬಿ ಮೂಲಕ್ಕೆ ಬಹಳ ಹತ್ತಿರ, ಆದರೆ ಹಿಂದೆ ಸಾಗುವಳಿ ಆಗಿ ಈಗ ಬಿಟ್ಟದ್ದು ಎಂಬ ಧ್ವನಿ ಅದಕ್ಕಿದೆ, ಹರಿಯುವ ಹಳ್ಳವನ್ನು ಪಾಳು ಎನ್ನಲು ಬಾರದು. ‘ಸಾಗುವಳಿಗೆ ಯೋಗ್ಯವಲ್ಲದ ಭೂಮಿ’ ಎಂದರೆ ಎ ಖರಾಬಿನ ಅರ್ಧ ಸಿಕ್ಕಿತು, ಬಿ ಖರಾಬು ಬಿಟ್ಟುಹೋಯಿತು. ಕೊನೆಗೆ ಉಳಿಯುವುದು ‘ಖರಾಬು’ ಎಂಬ ಪದವೇ. ಕನ್ನಡದ ರೈತ, ಗ್ರಾಮ ಆಡಳಿತ ಅಧಿಕಾರಿ, ಭೂಮಾಪಕ, ವಕೀಲ ಎಲ್ಲರೂ ಬಳಸುವ ಪದ ಅದು. ಬೇರೆ ನುಡಿಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ತೆಗೆದು ಬೇರೊಂದನ್ನು ಇಟ್ಟರೆ ನೂರೈವತ್ತು ವರ್ಷ ಬಳಸಿ ಹದಗೊಂಡ ಅರ್ಥವನ್ನು ಕಳೆದುಕೊಳ್ಳುತ್ತೇವೆ.

ಪದ ಸರಿಹೋಯಿತು. ವಾಕ್ಯ ಇನ್ನೂ ಸರಿಹೋಗಿಲ್ಲ. ನನ್ನ ಅನುಭವದಲ್ಲಿ ಪದಕ್ಕಿಂತ ದೊಡ್ಡ ಅಪಾಯ ಮುಂದಿನದರಲ್ಲಿದೆ.

ಮೂಲದಲ್ಲಿ ಇದ್ದದ್ದು ಹೀಗೆ: ಜಮೀನಿನ ಅಳತೆ 2 ಎಕರೆ 30 ಗುಂಟೆ, ‘ಎಕ್ಸ್‌ಕ್ಲೂಡಿಂಗ್’ 10 ಗುಂಟೆ ಖರಾಬು. ಮೊದಲ ಅನುವಾದಕ ಮೂಲದ ಕ್ರಮವನ್ನೇ ಇಟ್ಟುಕೊಂಡು ‘2 ಎಕರೆ 30 ಗುಂಟೆ ಜಮೀನು, 10 ಗುಂಟೆ ... ಕಳೆದು’ ಎಂದು ಬರೆದಿದ್ದ. ಈ ಕನ್ನಡ ವಾಕ್ಯವನ್ನು ಯಾರಿಗಾದರೂ ಓದಿ ಹೇಳಿ. ಅವರು 2 ಎಕರೆ 30 ಗುಂಟೆಯಿಂದ 10 ಗುಂಟೆ ಕಳೆದು, 2 ಎಕರೆ 20 ಗುಂಟೆ ಎಂದು ಲೆಕ್ಕ ಹಾಕುತ್ತಾರೆ. ಯಾಕೆಂದರೆ ಕನ್ನಡದಲ್ಲಿ ಕಳೆಯುವುದು ಮೊದಲೇ ಹೇಳಿದ ಮೊತ್ತದಿಂದ. ‘ಸಾವಿರ ರೂಪಾಯಿ, ನೂರು ಕಳೆದು’ ಎಂದರೆ ಒಂಬೈನೂರು ಎಂದೇ ಯಾರಾದರೂ ತಿಳಿಯುತ್ತಾರೆ.

ಯಾವುದು ಸರಿ ಎಂದು ತಿಳಿಯಲು ನಾನು ಆಕಾರಬಂದ್ ತರಿಸಿ ನೋಡಿದೆ. ಒಟ್ಟು ವಿಸ್ತೀರ್ಣ 3 ಎಕರೆ. ಎ ಖರಾಬು 4 ಗುಂಟೆ, ಬಿ ಖರಾಬು 6 ಗುಂಟೆ. ಎಕರೆಗೆ 40 ಗುಂಟೆಯಂತೆ 3 ಎಕರೆ ಎಂದರೆ 120 ಗುಂಟೆ, ಅದರಿಂದ 10 ಹೋದರೆ 110, ಅಂದರೆ 2 ಎಕರೆ 30 ಗುಂಟೆ. ಆದ್ದರಿಂದ ಮೂಲದ 2 ಎಕರೆ 30 ಗುಂಟೆ ಖರಾಬು ಹೋದ ಮೇಲೆ ಉಳಿದ ಅಳತೆ. ಮತ್ತೆ ಅದರಿಂದ ಕಳೆಯುವಂತಿಲ್ಲ. ಕನ್ನಡ ವಾಕ್ಯದ ಪದಕ್ರಮ 10 ಗುಂಟೆಯನ್ನು ಎರಡು ಸಲ ಕಳೆದುಬಿಟ್ಟಿತ್ತು. ಹತ್ತು ಗುಂಟೆ ಅಡಿಕೆ ತೋಟ ಎಂದರೆ ಎಷ್ಟು ಎಂದು ಈ ಜಿಲ್ಲೆಯಲ್ಲಿ ನಾನು ವಿವರಿಸಬೇಕಾಗಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ, ಹೇಳಿ ಮುಂದೆ ಹೋಗುತ್ತೇನೆ. ಪಹಣಿಯಲ್ಲಿ 2.30 ಎಂದು ಚುಕ್ಕೆ ಇಟ್ಟು ಬರೆದಿರುತ್ತದೆ. ಅದು ದಶಾಂಶವಲ್ಲ. 2 ಎಕರೆ 30 ಗುಂಟೆಯನ್ನು ದಶಾಂಶದಲ್ಲಿ ಹೇಳಿದರೆ 2.75 ಎಕರೆ ಆಗುತ್ತದೆ. ಅಂಕಿಯನ್ನು ಹಾಗೇ ಎತ್ತಿ ‘2.30 ಎಕರೆ’ ಎಂದು ಬರೆದ ಅನುವಾದಗಳನ್ನು ನಾನು ಕಂಡಿದ್ದೇನೆ.

ಆ ವಾಕ್ಯವನ್ನು ನಾನು ಮೂರು ಸಲ ಬರೆದೆ. ಮೊದಲು ‘10 ಗುಂಟೆ ಖರಾಬು ಕಳೆದು 2 ಎಕರೆ 30 ಗುಂಟೆ ಜಮೀನು’ ಎಂದು ಕ್ರಮ ತಿರುಗಿಸಿದೆ. ಕಳೆಯುವುದನ್ನು ಮುಂದೆ ಇಟ್ಟದ್ದರಿಂದ ಉಳಿದದ್ದು 2 ಎಕರೆ 30 ಗುಂಟೆ ಎಂಬುದು ಸ್ಪಷ್ಟವಾಯಿತು. ಆದರೂ ‘ಕಳೆದು’ ಎಂಬ ಕ್ರಿಯೆ ಯಾವುದರಿಂದ ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ, ಒಟ್ಟು ವಿಸ್ತೀರ್ಣ ಮೂಲದಲ್ಲಿ ಇಲ್ಲ. ಎರಡನೆಯ ಸಲ ‘ಒಟ್ಟು 3 ಎಕರೆಯಲ್ಲಿ 4 ಗುಂಟೆ ಎ ಖರಾಬು, 6 ಗುಂಟೆ ಬಿ ಖರಾಬು ಕಳೆದು ಉಳಿದ 2 ಎಕರೆ 30 ಗುಂಟೆ’ ಎಂದು ಬರೆದೆ. ಓದಲು ಇದು ಎಲ್ಲಕ್ಕಿಂತ ಸ್ಪಷ್ಟ. ಆದರೆ ಒಟ್ಟು 3 ಎಕರೆ, ಎ, ಬಿ ಎಂಬ ವಿವರಗಳು ಮೂಲದಲ್ಲಿಲ್ಲ, ಆಕಾರಬಂದ್‌ನಿಂದ ನಾನು ತಂದವು. ಮೂಲದಲ್ಲಿ ಇಲ್ಲದ ಅಂಕಿಯನ್ನು ಅನುವಾದಕ ದಸ್ತಾವೇಜಿಗೆ ಸೇರಿಸುವಂತಿಲ್ಲ, ಅದು ನಿಜವಾದ ಅಂಕಿಯೇ ಆದರೂ. ಅದನ್ನು ಕುಟುಂಬದವರಿಗೆ ಬೇರೆ ಕಾಗದದಲ್ಲಿ ಬರೆದು ಕೊಟ್ಟು, ಮೂಲ ಕರಡಿನಲ್ಲೇ ಸೇರಿಸುವಂತೆ ವಕೀಲರಿಗೆ ಹೇಳಿ ಎಂದೆ.

ಮೂರನೆಯ ಸಲ ಬರೆದದ್ದು ಇದು: ‘10 ಗುಂಟೆ ಖರಾಬು ಸೇರದೆ, 2 ಎಕರೆ 30 ಗುಂಟೆ ವಿಸ್ತೀರ್ಣದ ಜಮೀನು.’

‘ಸೇರದೆ’ ಎಂಬ ಪದವನ್ನು ಗಮನಿಸಿ. ಅದು ಯಾವುದನ್ನೂ ಕಳೆಯುವುದಿಲ್ಲ, ಹೇಳಿದ ಅಳತೆಯೊಳಗೆ ಖರಾಬು ಇಲ್ಲ ಎಂದಷ್ಟೇ ಹೇಳುತ್ತದೆ. ಮೂಲದ ಮಾತೂ ಅಷ್ಟೇ. ಇದಕ್ಕೆ ಎದುರಾದದ್ದು ‘ಖರಾಬು ಸೇರಿ’. ಪಹಣಿಯ ಮಾತಿನಲ್ಲಿ ರೈತರೇ ಕೇಳುವ ಪ್ರಶ್ನೆ ಇದು: ಖರಾಬು ಸೇರಿಯೋ, ಸೇರದೆಯೋ? ವಾಕ್ಯಕ್ಕೆ ಬೇಕಾದ ಕ್ರಿಯಾಪದ ನಿಘಂಟಿನಲ್ಲಿ ಸಿಗಲಿಲ್ಲ, ಜಮೀನು ನೋಡಲು ಬಂದವರ ಬಾಯಲ್ಲಿ ಸಿಕ್ಕಿತು.

ಸಾಹಿತ್ಯದ ಅನುವಾದ ಮಾಡುವವರು ಇಲ್ಲಿ ಬಹಳ ಮಂದಿ ಇದ್ದೀರಿ, ನಿಮಗೂ ಒಂದು ವಾಕ್ಯ. ಹಿಂದಿ ಕಥೆಯಲ್ಲಿ ‘ಉಸ್‌ಕೀ ತಬಿಯತ್ ಖರಾಬ್ ಹೈ’ ಎಂದು ಬಂದರೆ ಏನು ಮಾಡುತ್ತೀರಿ? ಖರಾಬು ನಮ್ಮಲ್ಲೂ ಇದೆಯಲ್ಲ ಎಂದು ‘ಅವನ ಆರೋಗ್ಯ ಖರಾಬಾಗಿದೆ’ ಎಂದು ಬರೆದರೆ ಪದ ಕನ್ನಡದ್ದೇ, ವಾಕ್ಯ ಶಿವಮೊಗ್ಗದ್ದಲ್ಲ. ನಮ್ಮ ಕಡೆ ಯಂತ್ರ ಖರಾಬಾಗುತ್ತದೆ, ರಸ್ತೆ ಖರಾಬಾಗುತ್ತದೆ. ಹಾಲು ಖರಾಬಾಗುವುದಿಲ್ಲ, ಒಡೆಯುತ್ತದೆ ಅಥವಾ ಕೆಡುತ್ತದೆ. ಮೈ ಖರಾಬಾಗುವುದಿಲ್ಲ. ‘ಅವನಿಗೆ ಹುಷಾರಿಲ್ಲ’ ಎನ್ನುತ್ತೇವೆ. ಈ ಹುಷಾರು ಕೂಡ ಪಾರಸಿಯದೇ, ಎಚ್ಚರವುಳ್ಳವನು, ಬುದ್ಧಿವಂತ ಎಂಬ ಅರ್ಥದ ‘ಹೋಶಿಯಾರ್’. ಮೈ ನೆಟ್ಟಗಿರುವುದು ಎಂಬ ಅರ್ಥಕ್ಕೆ ಅದನ್ನು ತಿರುಗಿಸಿಕೊಂಡವರು ನಾವು. ಒಂದು ಪಾರಸಿ ಪದವನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗ ವಾಕ್ಯ ಕನ್ನಡವಾಯಿತು.

ಅಜ್ಜನವರಿಗೆ ನಾನು ಮೂರನೆಯ ವಾಕ್ಯವನ್ನು ಓದಿ ಹೇಳಿದೆ. ಅವರು ಬೆರಳಲ್ಲಿ ಒಂದು ಲೆಕ್ಕ ಹಾಕಿ, ‘ಖರಾಬು ಸೇರದೆ ಎರಡು ಮುಕ್ಕಾಲು, ಸರಿ’ ಎಂದರು. ಮೂವತ್ತು ಗುಂಟೆ ಅವರಿಗೆ ಮುಕ್ಕಾಲು ಎಕರೆ. ಆಮೇಲೆ ಮಗನ ಕಡೆ ತಿರುಗಿ, ಹಳ್ಳದ ಆರು ಗುಂಟೆ ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ಎಂದು ಕೊಳ್ಳುವವರನ್ನು ಕರೆದುಕೊಂಡು ಹೋಗಿ ತೋರಿಸು ಎಂದರು. ಸಹಿ ಹಾಕಿದ್ದು ಹಾಗೆ ತೋರಿಸಿ ಬಂದ ಮೇಲೆ.